ಗಂಟೆಗೆ 200 ರೂಪಾಯಿ ಅಂತ ಹೇಳುವ ಮುಂಚೆ ಈ ಲೆಕ್ಕ ಮಾಡಿ

ಕೆಲಸ ಬಿಟ್ಟು ಫ್ರೀಲಾನ್ಸ್‌ಗೆ ಇಳಿದ ಗ್ರಾಫಿಕ್ ಡಿಸೈನರ್‌ಗಳಲ್ಲಿ ಬಹಳಷ್ಟು ಜನ ರೇಟು ಹಾಕುವುದು ಹೀಗೆ: ಆಫೀಸಿನಲ್ಲಿ ಸಂಬಳ 40,000 ಇತ್ತು. ತಿಂಗಳಿಗೆ 25 ದಿನ, ದಿನಕ್ಕೆ ಎಂಟು ಗಂಟೆ, ಒಟ್ಟು 200 ಗಂಟೆ. ಭಾಗಿಸಿದರೆ ಗಂಟೆಗೆ 200 ರೂಪಾಯಿ. ಗುಣಾಕಾರ ಭಾಗಾಕಾರದಲ್ಲಿ ತಪ್ಪೇನೂ ಇಲ್ಲ. ಆದರೆ ಮೇಲಿನ ಅಂಕಿಯೂ ಸುಳ್ಳು, ಕೆಳಗಿನ ಅಂಕಿಯೂ ಸುಳ್ಳು.

ಸಂಬಳ ಕೊಡುತ್ತಿದ್ದವರು ಕಂಪ್ಯೂಟರ್, ಕರೆಂಟು, ಸಾಫ್ಟ್‌ವೇರ್, ರಜೆ ದಿನದ ಕೂಲಿ, ಪಿಎಫ್ ಪಾಲು ಎಲ್ಲವನ್ನೂ ಬೇರೆ ಕಟ್ಟುತ್ತಿದ್ದರು. ಕೆಲಸವಿಲ್ಲದೆ ಸುಮ್ಮನೆ ಕೂತ ಮಧ್ಯಾಹ್ನಕ್ಕೂ ದುಡ್ಡು ಬರುತ್ತಿತ್ತು. ಈಗ ಅದೆಲ್ಲ ನಿಮ್ಮ ತಲೆ ಮೇಲೆ.

ಮೈಸೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುವ ಒಬ್ಬ ಡಿಸೈನರ್ ಎಂದಿಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗಷ್ಟೇ, ನಿಮ್ಮವನ್ನು ಹಾಕಿಕೊಂಡು ನೋಡಿ. ಮನೆ ಖರ್ಚು ತಿಂಗಳಿಗೆ 30,000, ವರ್ಷಕ್ಕೆ 3,60,000. ಉಳಿತಾಯ ತಿಂಗಳಿಗೆ 10,000, ವರ್ಷಕ್ಕೆ 1,20,000. ಉಳಿತಾಯವನ್ನು ಇಲ್ಲೇ, ಬಾಡಿಗೆ ಮತ್ತು ದಿನಸಿಯ ಪಕ್ಕದಲ್ಲೇ ಖರ್ಚಿನ ಹಾಗೆ ಬರೆಯಬೇಕು. ಕೊನೆಗೆ ಉಳಿದರೆ ಇಡೋಣ ಅಂದರೆ ಅದು ರೇಟಿನೊಳಗೆ ಸೇರಿರುವುದೇ ಇಲ್ಲ, ಹಾಗಾಗಿ ಉಳಿಯುವುದೂ ಇಲ್ಲ.

ಇನ್ನು ಕಸುಬಿನ ಖರ್ಚು. 88,000ದ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 22,000. ಮಾನಿಟರ್, ಹಾರ್ಡ್ ಡಿಸ್ಕ್, ಕುರ್ಚಿಗೆ 6,000. ಸಾಫ್ಟ್‌ವೇರ್ ಮತ್ತು ಫಾಂಟ್‌ಗೆ 30,000. ಇಂಟರ್ನೆಟ್ಟು, ಫೋನು 14,000. ಕರೆಂಟು ಮತ್ತು ಯುಪಿಎಸ್ ಬ್ಯಾಟರಿ 12,000. ಆರೋಗ್ಯ ವಿಮೆ 20,000. ರಿಟರ್ನ್ ಫೈಲ್ ಮಾಡಿಕೊಡುವ ಆಡಿಟರ್‌ಗೆ 6,000. ಓಡಾಟ, ಪ್ರಿಂಟ್ ಸ್ಯಾಂಪಲ್ ಎಂದು 10,000. ಒಟ್ಟು 1,20,000. ಇದರಲ್ಲಿ ಎಲ್ಲರೂ ಮರೆಯುವುದು ಲ್ಯಾಪ್‌ಟಾಪನ್ನು. ಅದನ್ನು ಕೊಂಡಾಗಿದೆಯಲ್ಲ, ಇನ್ನೇನು ಖರ್ಚು ಅನ್ನಿಸುತ್ತದೆ. ನಾಲ್ಕನೇ ವರ್ಷ ಅದು ಕೈ ಕೊಟ್ಟಾಗ ಇಎಂಐ ಶುರುವಾಗುತ್ತದೆ, ಅಲ್ಲಿಗೆ ಉಳಿತಾಯ ನಿಲ್ಲುತ್ತದೆ.

ಕೊನೆಯದು ಬಾರದ ದುಡ್ಡು. ಬಿಲ್ ಕೊಟ್ಟ ಮೇಲೆ ಫೋನ್ ಎತ್ತದವರು, ಅರ್ಧಕ್ಕೆ ಕೈಬಿಟ್ಟ ಕೆಲಸ, ಕೊನೆಯಲ್ಲಿ 'ಒಂದು ರೌಂಡ್ ಫಿಗರ್ ಮಾಡಿ ಸಾರ್' ಎಂದು ಕತ್ತರಿಸಿದ್ದು, ಇವಕ್ಕೆ 30,000. ಎಲ್ಲ ಕೂಡಿದರೆ ವರ್ಷಕ್ಕೆ 6,30,000 ಬಿಲ್ ಆಗಬೇಕು.

ಈಗ ಭಾಜಕ. ಅಸಲಿ ಎಡವಟ್ಟಾಗುವುದು ಇಲ್ಲೇ. 365 ದಿನದಲ್ಲಿ 52 ಭಾನುವಾರ ಹೋದವು, ಉಳಿದದ್ದು 313. ಹಬ್ಬ, ಜ್ವರ, ನೆಂಟರ ಮದುವೆ, ಮಗುವಿನ ಶಾಲೆ ಎಂದು 33 ದಿನ ಕಳೆಯಿರಿ, 280. ಇದರಲ್ಲಿ ಕೈಯಲ್ಲಿ ಕೆಲಸವೇ ಇಲ್ಲದ ದಿನಗಳಿವೆ. ಮದುವೆ ಪತ್ರಿಕೆ, ಅಂಗಡಿ ಓಪನಿಂಗ್ ಪೋಸ್ಟರ್ ನಂಬಿಕೊಂಡವರಿಗೆ ಆಷಾಢ ಹೇಗಿರುತ್ತದೆ ಎಂದು ಹೇಳಬೇಕಿಲ್ಲ. ಎರಡು ತಿಂಗಳಷ್ಟು, ಅಂದರೆ 45 ದಿನ ಖಾಲಿ ಎಂದು ಹಿಡಿದರೆ 235 ದಿನ ಉಳಿಯಿತು.

ಆ 235 ದಿನವೂ ಪೂರ್ತಿ ಬಿಲ್ ಆಗುವುದಿಲ್ಲ. ದಿನಕ್ಕೆ ಏಳು ಗಂಟೆ ಕೂತರೆ ಎರಡೂವರೆ ಗಂಟೆ ಕೊಟೇಶನ್ ಬರೆಯುವುದು, ಹೊಸಬರ ಜೊತೆ ಮಾತು, ಬಿಲ್ ಹಿಂದೆ ಬೀಳುವುದು, ಬ್ಯಾಕಪ್, ಹೊಸದನ್ನು ಕಲಿಯುವುದರಲ್ಲಿ ಹೋಗುತ್ತದೆ. ಬಿಲ್ ಆಗುವುದು ನಾಲ್ಕೂವರೆ ಗಂಟೆ. ಗುಣಿಸಿದರೆ ವರ್ಷಕ್ಕೆ ಸುಮಾರು 1,050 ಗಂಟೆ. ಮೊದಲಿನ ಲೆಕ್ಕದ 2,400 ಎಲ್ಲಿ, ಇದೆಲ್ಲಿ!

6,30,000 ಭಾಗಿಸು 1,050. ಗಂಟೆಗೆ 600.

ಇದೇ 1,050 ಗಂಟೆಯನ್ನು 200ರಂತೆ ಮಾರಿದರೆ ವರ್ಷಕ್ಕೆ 2,10,000. ಕಸುಬಿನ ಖರ್ಚು ಕಳೆದರೆ 90,000, ಅಂದರೆ ತಿಂಗಳಿಗೆ 7,500. ಹಾಗಾಗಿಯೇ ರಾತ್ರಿ ಹನ್ನೊಂದರವರೆಗೆ ಕೂತು ಗಂಟೆಗಳನ್ನು ಎಳೆದು ಹೊಂದಿಸುವುದು.

ಗಿರಾಕಿಗೆ ಗಂಟೆಯ ರೇಟು ಹೇಳಲೇಬೇಕೆಂದಿಲ್ಲ. ನಮ್ಮಲ್ಲಿ ಎಲ್ಲರೂ ಕೇಳುವುದು 'ಒಂದು ಲೋಗೋಗೆ ಎಷ್ಟು?' ಎಂದೇ. ಒಳಗೆ ಗಂಟೆ ಎಣಿಸಿ, ಹೊರಗೆ ಮೊತ್ತ ಹೇಳಿ. ಮಾತುಕತೆ ಎರಡು ಗಂಟೆ, ಸ್ಕೆಚ್ ಆರು, ಕಂಪ್ಯೂಟರಿನಲ್ಲಿ ಐದು, ಎರಡು ಸುತ್ತು ತಿದ್ದುಪಡಿ ಮೂರು, ಫೈಲ್ ತಯಾರಿ ಒಂದು. 17 ಗಂಟೆ, 10,200 ರೂಪಾಯಿ. ಮೂರನೇ ಸುತ್ತಿನಿಂದ ಸುತ್ತಿಗೆ 900 ಎಂದು ಕೊಟೇಶನ್ನಿನಲ್ಲೇ ಬರೆದಿರಲಿ. ಕೆಲಸ ಒಪ್ಪಿಕೊಂಡ ಮೇಲಿನ ಮಾತುಕತೆ ಈ 17ರಲ್ಲಿ ಸೇರುತ್ತದೆ, ಒಪ್ಪುವ ಮುಂಚಿನದು ಆ ಎರಡೂವರೆ ಗಂಟೆಯಲ್ಲಿ ಹೋಗಿದೆ. ಒಂದೇ ಫೋನ್ ಕರೆಯನ್ನು ಎರಡೂ ಕಡೆ ಎಣಿಸಬೇಡಿ.

10,200 ಜಾಸ್ತಿಯಾಯಿತು ಎಂದರೆ? ರೇಟು ಮುಟ್ಟಬೇಡಿ, ಗಂಟೆ ಕಡಿಮೆ ಮಾಡಿ. ಮೂರು ಐಡಿಯಾ ಬದಲು ಒಂದು, ಎರಡು ಸುತ್ತಿನ ಬದಲು ಒಂದು ಎಂದು ಹೇಳಿ. ರೇಟು ಇಳಿಸಲು ನನ್ನ ಪ್ರಕಾರ ಒಂದೇ ಒಂದು ನ್ಯಾಯವಾದ ಕಾರಣವಿದೆ: ಗಿರಾಕಿ ನಿಮ್ಮ ಖಾಲಿ ದಿನಗಳನ್ನು ತುಂಬಿಕೊಡುವುದು. ತಿಂಗಳಿಗೆ 20 ಗಂಟೆ ಖಾತ್ರಿ, ಆಷಾಢವಿರಲಿ ಶ್ರಾವಣವಿರಲಿ ದುಡ್ಡು ತಿಂಗಳ ಮೊದಲೇ, ಬಳಸದ ಗಂಟೆ ಮುಂದಿನ ತಿಂಗಳಿಗಿಲ್ಲ ಎಂಬ ಕರಾರಿಗೆ ಒಪ್ಪಿದರೆ ಇಳಿಸಬಹುದು. ಎಷ್ಟಕ್ಕೆ? ಖಾಲಿ ದಿನ ಒಂದೂ ಇಲ್ಲದಿದ್ದರೆ 280 ದಿನಕ್ಕೆ 1,260 ಗಂಟೆ, ಆಗ ರೇಟು 500 ಬರುತ್ತದೆ. ಅದಕ್ಕಿಂತ ಕೆಳಗೆ ಇಳಿದರೆ ಉಳಿತಾಯವನ್ನೇ ರಿಯಾಯಿತಿಯಾಗಿ ಕೊಟ್ಟಂತೆ. 'ಮುಂದೆ ತುಂಬಾ ಕೆಲಸ ಕೊಡ್ತೀವಿ' ಎಂಬ ಬಾಯಿಮಾತು ಈ ಲೆಕ್ಕಕ್ಕೆ ಬರುವುದಿಲ್ಲ.

ರೇಟು ಸರಿಯಿದ್ದೂ ಉಳಿತಾಯ ಕರಗುವುದುಂಟು. ಕೆಲಸವಿರುವ ಹತ್ತು ತಿಂಗಳಲ್ಲಿ ತಿಂಗಳಿಗೆ ಸರಾಸರಿ 63,000 ಬಿಲ್ ಆಗಿ 60,000 ಕೈಗೆ ಬರುತ್ತದೆ. ಮನೆಗೆ 30,000, ಕಸುಬಿಗೆ 10,000, ಉಳಿತಾಯಕ್ಕೆ 10,000. ಆಮೇಲೂ 10,000 ಮಿಕ್ಕಿರುತ್ತದೆ. ಇದು ಲಾಭದ ಹಾಗೆ ಕಾಣುತ್ತದೆ, ಹೊಸ ಫೋನ್ ಬರುವುದೂ ಇದರಲ್ಲೇ. ಆದರೆ ಹತ್ತು ತಿಂಗಳ ಈ ಮಿಕ್ಕಿದ್ದು ಒಂದು ಲಕ್ಷ. ಖಾಲಿಯಿರುವ ಎರಡು ತಿಂಗಳಿಗೆ ಬೇಕಾದದ್ದೂ 50,000ದಂತೆ ಸರಿಯಾಗಿ ಒಂದು ಲಕ್ಷ. ಅದು ಆಷಾಢದ ಸಂಬಳ. ಅದನ್ನು ಖರ್ಚು ಮಾಡಿದವರು ಆಷಾಢದಲ್ಲಿ ಆರ್‌ಡಿ ಮುರಿಯುತ್ತಾರೆ. ಹಾಗಾಗಿ ಬಂದ ದುಡ್ಡೆಲ್ಲ ಒಂದು ಖಾತೆಗೆ ಬೀಳಲಿ, ಅಲ್ಲಿಂದ ತಿಂಗಳ ಒಂದನೇ ತಾರೀಕು ಮನೆ ಖಾತೆಗೆ 30,000, ಉಳಿತಾಯಕ್ಕೆ 10,000 ಮಾತ್ರ ಹೋಗಲಿ, ಒಳ್ಳೆ ತಿಂಗಳಲ್ಲೂ ಅಷ್ಟೇ.

ಟಿಡಿಎಸ್ ಇನ್ನೊಂದು ಬಗೆಯ ಪೆಟ್ಟು. ಕಂಪನಿಗಳು ವೃತ್ತಿಪರ ಶುಲ್ಕ ಎಂದು ಶೇ 10 ಹಿಡಿದುಕೊಂಡರೆ, 60,000ದಲ್ಲಿ 54,000 ಮಾತ್ರ ಬರುತ್ತದೆ. ಈ ಮಟ್ಟದ ಆದಾಯಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ ಬೀಳದ ಕಾರಣ ರಿಟರ್ನ್ ಸಲ್ಲಿಸಿದ ಮೇಲೆ ಅದು ವಾಪಸ್ ಬರುತ್ತದೆ, ಆದ್ದರಿಂದ ಅದಕ್ಕಾಗಿ ರೇಟು ಏರಿಸಬೇಕಿಲ್ಲ. ಆದರೆ ಮೊದಲ ವರ್ಷ ಆಷಾಢದ ಗಂಟು ಅಷ್ಟು ತೆಳುವಾಗುತ್ತದೆ. ಕೆಲಸಕ್ಕೆ ಮುಂಚೆ ಅರ್ಧ ಅಡ್ವಾನ್ಸ್ ಕೇಳುವುದು ಅದಕ್ಕೇ.

ಈ ನಾಲ್ಕೂವರೆ ಗಂಟೆ, 45 ದಿನ ನಿಮಗೆ ಹೊಂದುತ್ತದೋ ಇಲ್ಲವೋ ತಿಳಿಯಲು ನಾಲ್ಕು ವಾರ ಡೈರಿಯಲ್ಲಿ ಗಂಟೆ ಬರೆದಿಡಿ. ಕೆಲಸ ಮುಗಿದಾಗಲೆಲ್ಲ ಬಂದ ದುಡ್ಡನ್ನು ನಿಜವಾಗಿ ಹಿಡಿದ ಗಂಟೆಯಿಂದ ಭಾಗಿಸಿ. ಆ ಲೋಗೋ 25 ಗಂಟೆ ತಿಂದಿದ್ದರೆ ನಿಮಗೆ ಸಿಕ್ಕಿದ್ದು 408, 600 ಅಲ್ಲ. ಅಲ್ಲಿ ಸರಿಮಾಡಬೇಕಾದ್ದು ಅಂದಾಜು ಅಥವಾ ತಿದ್ದುಪಡಿ ಸುತ್ತುಗಳು. ಗಂಟೆಗಳೆಲ್ಲ ತುಂಬಿ, 600 ಸಿಕ್ಕೂ ಉಳಿತಾಯ ಏರದಿದ್ದರೆ ಮೇಲಿನ ಖರ್ಚಿನ ಪಟ್ಟಿಯಲ್ಲಿ ಏನೋ ಬಿಟ್ಟಿದ್ದೀರಿ. ಬಿಲ್ ಆಗುವ ಗಂಟೆ ದಿನಕ್ಕೆ ಎರಡೇ ಆಗಿದ್ದರೆ ರೇಟು ಏರಿಸಿ ಪ್ರಯೋಜನವಿಲ್ಲ, ಮೊದಲು ಗಿರಾಕಿ ಹುಡುಕಬೇಕು.