ಚುಕ್ಕಿ ಎಣಿಸುವ ಹುಡುಗಿ

ಹೋದ ಬೇಸಿಗೆ ರಜೆಗೆ ಇಳಕಲ್ಲಿಗೆ ಹೋದಾಗ ಅಕ್ಕನ ಮಗಳು ಅಂಗಳದಲ್ಲಿ ಕೂತು ರಂಗೋಲಿ ಹಾಕುತ್ತಿದ್ದಳು. ಆಗಷ್ಟೇ 7ನೇ ಇಯತ್ತೆ ಮುಗಿಸಿದ್ದಳು. ಮನೆಗೆ ಬಂದ ಬೀಗರು, ನೆರೆಯವರು ಎಲ್ಲರೂ ಅವಳಿಗೆ ಕೇಳುತ್ತಿದ್ದುದು ಒಂದೇ ಮಾತು: "ದೊಡ್ಡಾಕಿ ಆದ ಮ್ಯಾಲೆ ಏನ್ ಆಗ್ತೀಯವಾ?" ಅವಳೂ "ಡಾಕ್ಟರ್ ಆಗ್ತೀನ್ರಿ" ಎಂದು ಕಲಿತ ಉತ್ತರ ಒಪ್ಪಿಸಿ ಮತ್ತೆ ಬಗ್ಗಿ ಕೂಡುತ್ತಿದ್ದಳು. 8ನೇ ಇಯತ್ತೆಯಿಂದಲೇ ನೀಟ್ ಫೌಂಡೇಶನ್ ಕ್ಲಾಸಿಗೆ ಹಾಕಬೇಕೆಂದು ಭಾವನವರು ಯೋಚಿಸಿದ್ದರು. ಕೈಯಲ್ಲಿ ಕಲೆ ಇದೆ, ಡ್ರಾಯಿಂಗ್ ಪರೀಕ್ಷೆಗೆ ಕೂಡಿಸೋಣ ಎಂಬುದು ಅಕ್ಕನ ಮಾತು. ಇಬ್ಬರದೂ ಪ್ರೀತಿಯೇ. ಆದರೆ ಇಬ್ಬರೂ ಹುಡುಗಿಯ ರಂಗೋಲಿಯನ್ನು ಪೂರಾ ನೋಡಿರಲಿಲ್ಲ ಅನಿಸಿತು ನನಗೆ.

ನಾನು ಪಕ್ಕದಲ್ಲಿ ಕೂತು ನೋಡಿದೆ. ಅದು 15ರಿಂದ 8ರವರೆಗಿನ ಇಡುಕು ಚುಕ್ಕಿಯ ರಂಗೋಲಿ. ನಡುಸಾಲಿನಲ್ಲಿ 15 ಚುಕ್ಕಿ, ಆಮೇಲೆ ಮೇಲಕ್ಕೂ ಕೆಳಕ್ಕೂ ಒಂದೊಂದು ಕಡಿಮೆ ಮಾಡುತ್ತ 8ಕ್ಕೆ ನಿಲ್ಲಿಸುವುದು. ಅವಳು ಎಳೆ ಎಳೆಯುವುದಕ್ಕಿಂತ ಹೆಚ್ಚು ಹೊತ್ತು ಚುಕ್ಕಿಯ ಮೇಲೆಯೇ ಇದ್ದಳು. ಒಂದು ಸಾಲು ಸರಿದಿತ್ತು, ಇಡೀ ಸಾಲು ಅಳಿಸಿ ಮತ್ತೆ ಇಟ್ಟಳು. "ಒಟ್ಟು ಎಷ್ಟು ಚುಕ್ಕಿ?" ಎಂದೆ. "169 ಮಾಮಾ. ಒಂದ್ ಕಡೀದು 77, ಎರಡೂ ಕಡೀದು ಕೂಡಿಸಿದ್ರ 154, ನಡುವಿಂದು 15" ಎಂದಳು. ಬಣ್ಣ ತುಂಬುವ ಹೊತ್ತಿಗೆ ಅವಳಿಗೆ ಬ್ಯಾಸರ ಬಂದಿತ್ತು. ಡಬ್ಬಿಯನ್ನು ತಂಗಿಯ ಕೈಗೆ ಕೊಟ್ಟು ಎದ್ದು ಹೋದಳು.

ಎಲ್ಲರೂ "ರಂಗೋಲಿ ಹುಚ್ಚು" ಎನ್ನುತ್ತಿದ್ದುದು ನಿಜಕ್ಕೂ ನಾಲ್ಕೈದು ಬೇರೆ ಬೇರೆ ಕೆಲಸಗಳ ಗಂಟು. ಎಣಿಸುವುದು, ಸಾಲು ಹೊಂದಿಸುವುದು, ತಪ್ಪು ಹುಡುಕುವುದು, ಎಳೆ ಎಳೆಯುವುದು, ಬಣ್ಣ ಹಚ್ಚುವುದು. ಈ ಹುಡುಗಿಗೆ ಬೇಕಾದದ್ದು ಮೊದಲಿನ ಮೂರು. ಡ್ರಾಯಿಂಗ್ ಕ್ಲಾಸಿಗೆ ಹಾಕಿದ್ದರೆ ಅವಳಿಗೆ ಬೇಡವಾದ ಕಡೆಯದೇ ಹೆಚ್ಚು ಸಿಗುತ್ತಿತ್ತು, ವರ್ಷದೊಳಗೆ ರಂಗೋಲಿಯನ್ನೂ ಬಿಡುತ್ತಿದ್ದಳೇನೋ. ಹಾಗಾಗಿ ಮಗುವಿನ ಹವ್ಯಾಸ ಕಂಡ ಕೂಡಲೇ ಅದಕ್ಕೊಂದು ಹುದ್ದೆಯ ಹೆಸರು ಅಂಟಿಸಬಾರದು, ಆ ಹವ್ಯಾಸದೊಳಗೆ ಅದು ಯಾವ ತುಣುಕಿಗೆ ಅಂಟಿಕೊಂಡಿದೆ ಎಂದು ನೋಡಬೇಕು ಎನ್ನುತ್ತೇನೆ ನಾನು. ಕೇಳಿದರೆ ಮಗು ಹೇಳುವುದಿಲ್ಲ, ಅದಕ್ಕೇ ಗೊತ್ತಿರುವುದಿಲ್ಲ. ಎಲ್ಲಿ ನಿಧಾನಿಸುತ್ತದೆ, ಯಾವುದನ್ನು ಬೇರೆಯವರಿಗೆ ದಾಟಿಸುತ್ತದೆ ಎಂಬುದರಲ್ಲಿ ಕಾಣುತ್ತದೆ.

ಇದನ್ನು ನಾನು ಕಲಿತದ್ದು ಜರ್ಮನಿಯಲ್ಲಿ, ನನ್ನ ಮಗನಿಂದ. ಅಲ್ಲಿಯದೆಲ್ಲ ಒಳ್ಳೆಯದು ಎಂದು ಹೇಳಲು ನಾನು ಬರೆಯುತ್ತಿಲ್ಲ. ಅಲ್ಲಿನ ಬಹುತೇಕ ರಾಜ್ಯಗಳಲ್ಲಿ 4ನೇ ತರಗತಿ ಮುಗಿಯುತ್ತಿದ್ದಂತೆ, ಅಂದರೆ ಹತ್ತು ವರ್ಷಕ್ಕೇ, ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚಿಬಿಡುತ್ತಾರೆ. ಯಾರು ವಿಶ್ವವಿದ್ಯಾಲಯದ ದಾರಿಗೆ, ಯಾರು ಕಸುಬಿನ ದಾರಿಗೆ ಎಂಬುದರ ನೆರಳು ಅಲ್ಲಿಂದಲೇ ಬೀಳುತ್ತದೆ. ಆಮೇಲೆ ದಾರಿ ಬದಲಿಸಲು ಬರುತ್ತದೆ, ಆದರೆ ಸುಲಭವಲ್ಲ. ಅದೊಂದು ನಮ್ಮೂರಿಗೆ ಬೇಡವೇ ಬೇಡ. ನಮ್ಮಲ್ಲಿ ನಿಜವಾದ ಕವಲು ಬರುವುದು ಎಸ್ಸೆಸ್ಸೆಲ್ಸಿ ಆದ ಮೇಲೆ, ಪಿಯುಸಿಯೋ ಡಿಪ್ಲೊಮಾವೋ ಐಟಿಐಯೋ ಎನ್ನುವಾಗ. 7ನೇ ಇಯತ್ತೆ ದಾಟಿದ ಹುಡುಗಿಗೆ ಇನ್ನೂ ಮೂರು ವರ್ಷ ಇದೆ. ಆ ಮೂರು ವರ್ಷವನ್ನು ನಾವೇ ಫೌಂಡೇಶನ್ ಕ್ಲಾಸಿನ ಹೆಸರಿನಲ್ಲಿ ಕೈಯಾರೆ ಕಳೆದುಕೊಳ್ಳುತ್ತಿದ್ದೇವೆ.

ನನಗೆ ಹಿಡಿಸಿದ್ದು ಅಲ್ಲಿನ ಇನ್ನೊಂದು ರೂಢಿ. 2001ರಿಂದ ಪ್ರತಿ ವರ್ಷ, ಹೆಚ್ಚಾಗಿ ಏಪ್ರಿಲ್‌ನಲ್ಲಿ, ಗರ್ಲ್ಸ್ ಡೇ ಎಂದು ಒಂದು ದಿನ ನಡೆಸುತ್ತಾರೆ. 5ನೇ ತರಗತಿಯಿಂದ ಮೇಲಿನ ಹುಡುಗಿಯರು ಅಂದು ಶಾಲೆ ಬಿಟ್ಟು ವರ್ಕ್‌ಶಾಪ್, ಪ್ರಯೋಗಾಲಯಗಳಿಗೆ ಹೋಗುತ್ತಾರೆ. ಹುಡುಗರಿಗೂ ಅಂಥದೇ ದಿನ ಇದೆ, ಅವರು ಹೆಚ್ಚಾಗಿ ಆಸ್ಪತ್ರೆಯ ಶುಶ್ರೂಷೆ, ಬಾಲವಾಡಿ ನೋಡಲು ಹೋಗುತ್ತಾರೆ. ಮುಂದೆ 8, 9ನೇ ತರಗತಿಯ ಹೊತ್ತಿಗೆ ಎರಡು ಮೂರು ವಾರ ಒಂದು ಕಡೆ ಕೆಲಸಕ್ಕೆ ನಿಂತು, ದಿನವೂ ಏನು ಮಾಡಿದೆ ಎಂದು ಬರೆದು ತರಬೇಕು. ನನ್ನ ಮಗ ಸೈಕಲ್ ರಿಪೇರಿ ಅಂಗಡಿಗೆ ಹೋದ. ಚಿಕ್ಕವನಿದ್ದಾಗಿನಿಂದ ಸೈಕಲ್ ಬಿಚ್ಚುವುದೇ ಅವನ ಆಟ. ಎರಡನೇ ವಾರಕ್ಕೆ ಬಂದು, "ಬಿಚ್ಚೋದು ಇಷ್ಟ, ಗಿರಾಕಿ ಗಡಿಬಿಡಿ ಮಾಡಿದ್ರೆ ಕೈ ನಡುಗ್ತದೆ" ಎಂದ. ಅವನಿಗೆ ಆ ಕಸುಬು ಬೇಡವಾಯಿತು. ಮೊದಲು ನನಗೆ ಕಸಿವಿಸಿಯಾಯಿತು. ಆಮೇಲೆ ತಿಳಿಯಿತು, ಹದಿನಾಲ್ಕನೇ ವಯಸ್ಸಿನಲ್ಲಿ ಎರಡೇ ವಾರಕ್ಕೆ, ಬಿಡಿಗಾಸು ಖರ್ಚಿಲ್ಲದೆ ಗೊತ್ತಾದ "ಬೇಡ" ಅದು.

ನಮ್ಮಲ್ಲೂ 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಯ ಮಕ್ಕಳಿಗೆ ಹತ್ತು ದಿನ ಚೀಲವಿಲ್ಲದ ಶಾಲೆ, ಬಡಿಗ, ಕುಂಬಾರ, ತೋಟಗಾರರಂಥವರ ಹತ್ತಿರ ಕಲಿಕೆ ಎಂದು ಬರೆದಿದೆ. ಅದು ತಮ್ಮ ಶಾಲೆಗೆ ಬರಲಿ ಎಂದು ಇಳಕಲ್ಲಿನವರು ಕಾಯುತ್ತ ಕೂಡಬೇಕಿಲ್ಲ. ಇಲ್ಲಿ ಓಣಿಗೊಂದು ಮಗ್ಗ ಇದೆಯಲ್ಲ!

ಅಕ್ಕನಿಗೆ ಹೇಳಿ ಒಂದು ಮುಂಜಾನೆ ಹುಡುಗಿಯನ್ನು ಪರಿಚಯದ ನೇಕಾರರೊಬ್ಬರ ಮನೆಗೆ ಕರೆದೊಯ್ದೆ. ಹೋಗುವ ಮುಂಚೆ ನಾಲ್ಕು ಪ್ರಶ್ನೆ ಮಾತ್ರ ಬರೆದುಕೊಂಡಿದ್ದೆವು: ಮುಂಜಾನಿಂದ ಸಂಜಿತನ ಏನೇನ್ ಮಾಡ್ತೀರಿ, ಯಾವ ಕೆಲಸ ಬ್ಯಾಸರ, ತಪ್ಪಾಗಿದ್ದು ಹೆಂಗ ಗೊತ್ತಾಗ್ತದ, ಕಲಿಯಾಕ ಎಷ್ಟು ದಿನ ಹಿಡೀತು. "ಎಷ್ಟು ಗಳಿಸ್ತೀರಿ" ಎಂಬುದನ್ನು ಬೇಕೆಂದೇ ಬಿಟ್ಟೆ. ಮಗುವಿನ ಮುಂದೆ ಆ ಮಾತು ಮೊದಲು ಬಂದರೆ ಉಳಿದದ್ದು ಅದಕ್ಕೆ ಕಾಣುವುದೇ ಇಲ್ಲ. ಅದನ್ನು ದೊಡ್ಡವರು ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಬೇಕು, ನಾನೂ ಹೇಳಿದೆ.

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಕುಣಿಕೆ ಕುಣಿಕೆಯಾಗಿ ಸೇರಿಸುತ್ತಾರೆ, ಟೋಪ್ ತೆನಿ ಎನ್ನುತ್ತಾರೆ ಅದಕ್ಕೆ. ಹಾಗಾಗಿ ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಹೂಡಬೇಕು. ಲಾಳಿ ಓಡುವಾಗ ಹುಡುಗಿ ಸುಮ್ಮನೆ ನೋಡಿದಳು. ಮನೆಯ ಅವ್ವ ಆ ಕುಣಿಕೆ ಜೋಡಿಸಲು ಕೂತಾಗ ಮಾತ್ರ ಅವಳ ಮೈಯೆಲ್ಲ ಕಣ್ಣಾಯಿತು. "ಒಂದ್ ಎಳಿ ತಪ್ಪಿದ್ರ ಎಲ್ಲಾ ಬಿಚ್ಚಬೇಕೇನ್ರಿ?" ಎಂದು ಕೇಳಿದಳು. ಅದು ನಾವು ಬರೆದುಕೊಂಡ ಪ್ರಶ್ನೆಯಲ್ಲ. ಅವ್ವ ನಕ್ಕು, ಎಳೆಯ ತುದಿ ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂಡಿಸಿಕೊಂಡರು. ಹೊರಡುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.

ದಾರಿಯಲ್ಲಿ ನಾನು ಏನೂ ಕೇಳಲಿಲ್ಲ. ಇಲ್ಲಿಯೇ ಎಲ್ಲರೂ ಎಡವುತ್ತೇವೆ. ಮಗು ಒಂದು ಕಡೆ ಕಣ್ಣರಳಿಸಿದರೆ ಸಾಕು, ರಾತ್ರಿಯೊಳಗೆ ನಾಲ್ಕು ಮನೆಗೆ ಫೋನ್ ಹೋಗುತ್ತದೆ, "ನಮ್ಮಾಕಿ ಟೆಕ್ಸ್‌ಟೈಲ್ ಡಿಸೈನರ್ ಆಗಾಕಿ ಅಂತ." ಹಾಗೆ ಹೇಳಿಬಿಟ್ಟರೆ ಮಗುವಿಗೆ ಹಿಂದೆ ಸರಿಯಲು ಸಂಕೋಚ. ಒಂದು ದಿನದ ಉಮೇದಿ ಲೆಕ್ಕಕ್ಕಿಲ್ಲ. ಮೂರು ನಾಲ್ಕು ವಾರ ಬಿಟ್ಟು ನೋಡಬೇಕು, ಯಾರೂ ಹೇಳದೆ ಆ ಕೆಲಸಕ್ಕೆ ಹೊಳ್ಳಿ ಬರುತ್ತದೆಯೇ, ಅದರ ಬೇಸರದ ಭಾಗದಲ್ಲೂ ಕೂಡುತ್ತದೆಯೇ ಎಂದು.

ಹುಡುಗಿ ಮಗ್ಗಕ್ಕೆ ಹೊಳ್ಳಲಿಲ್ಲ. ಚೌಕಳಿ ವಹಿ ತೆಗೆದುಕೊಂಡು, ಸೀರೆಯ ದಡಿಯ ನಮೂನೆಯನ್ನು ಮನೆ ಮನೆ ಎಣಿಸಿ ಬರೆಯತೊಡಗಿದಳು ಎಂದು ಅಕ್ಕ ಹೇಳಿದಳು. ಅದು ನೇಯ್ಗೆಯ ಕಡೆ ಹೋಗಬಹುದು, ಗಣಿತದ ಕಡೆ, ಕಟ್ಟಡದ ನಕ್ಷೆಯ ಕಡೆ ಹೋಗಬಹುದು. ಎಣಿಸಿ ತಪ್ಪು ಹಿಡಿಯುವ ಕೈ ಆಸ್ಪತ್ರೆಯ ಲ್ಯಾಬಿಗೂ ಬೇಕು, ಭಾವನವರ ಡಾಕ್ಟರ್ ಕನಸು ಇನ್ನೂ ಎಲ್ಲಿಗೂ ಹೋಗಿಲ್ಲ. ಫೌಂಡೇಶನ್ ಕ್ಲಾಸನ್ನು ಒಂದು ವರ್ಷ ಮುಂದೂಡಲು ಅವರು ಒಪ್ಪಿದ್ದಾರೆ. ಅಷ್ಟಕ್ಕೆ ಅವರನ್ನು ಒಪ್ಪಿಸಲು ನನಗೆ ಎರಡು ರಾತ್ರಿ ಹಿಡಿಯಿತು.

ಮೊನ್ನೆ ಫೋನಿನಲ್ಲಿ ಅವಳೇ ಮಾತಾಡಿದಳು. ಊರ ಹೊರಗೆ ಹೊಲ ಅಳೆಯಲು ಸರ್ವೇದವರು ಬಂದಿದ್ದರಂತೆ, ಮೂರು ಕಾಲಿನ ಯಂತ್ರ ಇಟ್ಟಿದ್ದರಂತೆ. "ಅವರನ್ನ ಏನೇನ್ ಕೇಳ್ಬೇಕು ಅಂತ ನಾನೇ ಬರದಿಟ್ಟೀನಿ ಮಾಮಾ, ಅವ್ವ ರವಿವಾರ ಕರ್ಕೊಂಡ್ ಹೋಗ್ತಾಳಂತ."