ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ: ಒಂದು ಸ್ಪಷ್ಟನೆ

“ಸಾಕ್ಷಿ ಗೀತೆ ಮುಟ್ಟಿ ಪ್ರಮಾಣ ಮಾಡುವ ದೃಶ್ಯವಿದ್ದರೆ ಆ ಕೋರ್ಟ್ ಸಿನಿಮಾ ನೈಜ ಎಂದು ತಿಳಿಯಿರಿ.”

ಕಳೆದ ವಾರ ನಾನೂ ಹಂಚಿದ್ದ ಈ ಸಂದೇಶ ತಪ್ಪು. ಭಾರತದ ನ್ಯಾಯಾಲಯಗಳಲ್ಲಿ ಸಾಕ್ಷಿಯ ಪ್ರಮಾಣ ನಡೆಯುವುದು 1969ರ ಪ್ರಮಾಣಗಳ ಕಾಯ್ದೆಯಂತೆ. ಅದರ ಅನುಸೂಚಿಯಲ್ಲಿರುವ ನಮೂನೆಯ ಪ್ರಕಾರ ಸಾಕ್ಷಿಯು ದೇವರ ಹೆಸರಿನಲ್ಲಿ, ಅಥವಾ ದೇವರ ಹೆಸರಿಲ್ಲದೆ ಸತ್ಯನಿಷ್ಠೆಯಿಂದ, ತಾನು ಹೇಳುವುದು ಸತ್ಯ, ಸಂಪೂರ್ಣ ಸತ್ಯ, ಸತ್ಯವಲ್ಲದೆ ಬೇರೇನೂ ಅಲ್ಲ ಎಂದು ನುಡಿದರೆ ಸಾಕು. ಯಾವ ಧರ್ಮಗ್ರಂಥವನ್ನೂ ಮುಟ್ಟಬೇಕೆಂಬ ಮಾತು ಆ ನಮೂನೆಯಲ್ಲಿ ಇಲ್ಲ.

ನೈಜತೆಯನ್ನು ಗುರುತಿಸಲು ಇದಕ್ಕಿಂತ ಉತ್ತಮವಾದ ಗುರುತು ಅದೇ ಕಾಯ್ದೆಯ 4ನೇ ಕಲಮಿನಲ್ಲಿದೆ. ಕ್ರಿಮಿನಲ್ ಪ್ರಕರಣದ ಆರೋಪಿಯು ತಾನಾಗಿ ತನ್ನ ಪರ ಸಾಕ್ಷಿಯಾಗಿ ನಿಂತ ಹೊರತು ಅವನಿಗೆ ಪ್ರಮಾಣ ಬೋಧಿಸುವಂತಿಲ್ಲ. ಹೀಗಾಗಿ ಕೊಲೆ ಆರೋಪಿಯನ್ನು ಮೊದಲ ದಿನವೇ ಕಟಕಟೆಗೆ ಕರೆಸಿ, ಪ್ರಮಾಣ ಮಾಡಿಸಿ, ಸರ್ಕಾರಿ ವಕೀಲರು ಗದರುತ್ತ ಪ್ರಶ್ನಿಸುವ ದೃಶ್ಯ ಶುದ್ಧ ನಾಟಕ. ಸಾಕ್ಷಿಯ ಉತ್ತರವನ್ನು ನ್ಯಾಯಾಧೀಶರು ವಾಕ್ಯವಾಗಿ ಹೇಳಿ, ಬೆರಳಚ್ಚುಗಾರರು ಟೈಪ್ ಮಾಡುವವರೆಗೆ ಎಲ್ಲರೂ ಕಾಯುವ ದೃಶ್ಯ ಮಾತ್ರ, ನೋಡಲು ಬೇಸರವೆನಿಸಿದರೂ, ವಿಚಾರಣಾ ನ್ಯಾಯಾಲಯಕ್ಕೆ ಬಹಳ ಹತ್ತಿರವಾದದ್ದು.

ಹಳೆಯ ಸಂದೇಶವನ್ನು ದಯವಿಟ್ಟು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅಲ್ಲಿಯೇ ಈ ಸ್ಪಷ್ಟನೆಯನ್ನೂ ಹಾಕಿ.