ಮದ್ರಾಸಿಗೆ ಅರ್ಧ, ಬೆಂಗಳೂರಿಗೆ ಶೇ. 40

ಮನೆ ಬಾಡಿಗೆ ಭತ್ಯೆಗೆ ಎಷ್ಟು ತೆರಿಗೆ ವಿನಾಯಿತಿ ಎಂದು ಹೇಳುತ್ತಿದ್ದ, 1962ರ ಆದಾಯ ತೆರಿಗೆ ನಿಯಮಗಳಲ್ಲಿನ 2ಎ ನಿಯಮಕ್ಕೆ ಭಾರತದಲ್ಲಿ ಗೊತ್ತಿದ್ದ ಊರುಗಳು ನಾಲ್ಕೇ: ಬಾಂಬೆ, ಕಲ್ಕತ್ತಾ, ದೆಹಲಿ ಮತ್ತು ಮದ್ರಾಸ್. ಮಿಕ್ಕದ್ದೆಲ್ಲವೂ ‘ಇತರೆ ಸ್ಥಳ’. ಹೀಗಾಗಿ 2024-25ರ ಮನೆ ಬಾಡಿಗೆ ಭತ್ಯೆಯ ಲೆಕ್ಕದಲ್ಲಿಯೂ ಬೆಂಗಳೂರು ಮತ್ತು ಹತ್ತು ಮನೆಗಳ ಕುಗ್ರಾಮ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದವು. ತಮ್ಮ ಊರು ‘ಇತರೆ ಸ್ಥಳ’ವೆಂಬ ಸುದ್ದಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವ ಮಾಲೀಕರಿಗೆ ಮಾತ್ರ ಆಗಲೂ ತಲುಪಿದಂತಿರಲಿಲ್ಲ.

ಆ ವರ್ಷದ ಲೆಕ್ಕವೇನೋ ಸರಳವಾಗಿತ್ತು. ಕೈಗೆ ಬಂದ ಭತ್ಯೆ. ಕೊಟ್ಟ ಬಾಡಿಗೆಯಲ್ಲಿ ವೇತನದ ಶೇ. 10ನ್ನು ಕಳೆದು ಉಳಿದದ್ದು. ನಾಲ್ಕು ನಗರಗಳಲ್ಲಿ ವೇತನದ ಅರ್ಧ, ಬೇರೆಡೆ ಶೇ. 40. ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ ತೆರಿಗೆಯಿರಲಿಲ್ಲ. ಇಲ್ಲಿ ವೇತನವೆಂದರೆ ಮೂಲ ವೇತನ, ಅದರೊಂದಿಗೆ ನಿವೃತ್ತಿ ಸೌಲಭ್ಯಕ್ಕೆ ಪರಿಗಣಿಸಲ್ಪಡುವ ತುಟ್ಟಿಭತ್ಯೆ; ಸಂಬಳದ ಚೀಟಿಯ ಕೊನೆಯ ಸಾಲಿನಲ್ಲಿರುವ ದೊಡ್ಡ ಮೊತ್ತವಲ್ಲ.

ಮೂಲ ವೇತನ 60,000 ರೂಪಾಯಿ, ಭತ್ಯೆ 30,000, ಬಾಡಿಗೆ 32,000 ಎಂದಿಟ್ಟುಕೊಳ್ಳೋಣ. ಬಾಡಿಗೆಯಲ್ಲಿ 6,000 ಕಳೆದರೆ 26,000 ಉಳಿಯುತ್ತದೆ. ಮನೆ ಮದ್ರಾಸಿನಲ್ಲಿದ್ದರೆ ಮಿತಿ 30,000 ಆದ್ದರಿಂದ ಆ 26,000ಕ್ಕೂ ವಿನಾಯಿತಿ ಸಿಗುತ್ತಿತ್ತು. ಬೆಂಗಳೂರಿನಲ್ಲಿದ್ದರೆ ಮಿತಿ 24,000ಕ್ಕೆ ನಿಲ್ಲುತ್ತಿತ್ತು. ತಿಂಗಳಿಗೆ 2,000, ವರ್ಷಕ್ಕೆ 24,000 ರೂಪಾಯಿ ಹೆಚ್ಚುವರಿ ಆದಾಯವೆನಿಸಿಕೊಂಡು, ಶೇ. 30ರ ಹಂತದಲ್ಲಿರುವವರಿಂದ ಸೆಸ್ ಸೇರಿ 7,488 ರೂಪಾಯಿ ವಸೂಲಾಗುತ್ತಿತ್ತು. ಬೆಂಗಳೂರು ಮಹಾನಗರವಲ್ಲ ಎಂದು ಒಪ್ಪಿಕೊಳ್ಳುವುದಕ್ಕೆ ಇದು ವಾರ್ಷಿಕ ಶುಲ್ಕವೆನ್ನಬಹುದಿತ್ತು.

ಅದೇ ವ್ಯಕ್ತಿ 28,000 ಬಾಡಿಗೆಯ ಮನೆಯಲ್ಲಿದ್ದರೆ ಎರಡೂ ಊರುಗಳಲ್ಲಿ ವಿನಾಯಿತಿ 22,000 ಮಾತ್ರ. ಭತ್ಯೆ ಧಾರಾಳವಾಗಿದ್ದಾಗ, ಬಾಡಿಗೆ ಮೂಲ ವೇತನದ ಅರ್ಧವನ್ನು ದಾಟಿದ ಮೇಲಷ್ಟೇ ಊರಿನ ದರ್ಜೆ ಚುರುಕು ಮುಟ್ಟಿಸುತ್ತಿತ್ತು. ಅಂದರೆ ದುಡಿದುದರಲ್ಲಿ ಅತಿ ಹೆಚ್ಚು ಪಾಲನ್ನು ಮಾಲೀಕರಿಗೆ ಕೊಡುವವರನ್ನೇ ಹುಡುಕಿ, ನಿಮ್ಮ ಊರಿನಲ್ಲಿ ಬಾಡಿಗೆ ಅಷ್ಟಿರಲು ಸಾಧ್ಯವಿಲ್ಲ ಎಂದು ನಿಯಮ ಅತ್ಯಂತ ಗಂಭೀರವಾಗಿ ಹೇಳುತ್ತಿತ್ತು. ಮೂಲ ವೇತನವನ್ನು ಕುಗ್ಗಿಸಿ ‘ವಿಶೇಷ ಭತ್ಯೆ’ಯನ್ನು ಉಬ್ಬಿಸುವ ಕಂಪನಿಗಳಲ್ಲಿದ್ದವರು ಈ ಗೆರೆಯನ್ನು ಇನ್ನೂ ಬೇಗ ದಾಟುತ್ತಿದ್ದರು.

ಕಚೇರಿ ಎಲ್ಲಿದೆಯೆಂದು ನಿಯಮ ಕೇಳುತ್ತಿರಲಿಲ್ಲ, ಬಾಡಿಗೆ ಮನೆ ಎಲ್ಲಿದೆಯೆಂದಷ್ಟೇ ನೋಡುತ್ತಿತ್ತು. ಗುರುಗ್ರಾಮದ ಗಾಜಿನ ಕಟ್ಟಡದಲ್ಲಿ ದುಡಿದು ದೆಹಲಿಯಲ್ಲಿ ಮಲಗುವವರು ಮಹಾನಗರವಾಸಿಗಳು. ದೆಹಲಿಯಲ್ಲಿ ದುಡಿದು ಗುರುಗ್ರಾಮದಲ್ಲಿ ಮಲಗುವವರು ‘ಇತರೆ’ಯವರು.

ಈ ತಾರತಮ್ಯ ಸಹಿಸಲಾಗದವರಿಗೆ ಸರ್ಕಾರವೇ ಪರಿಹಾರ ಒದಗಿಸಿತ್ತು. ಹೊಸ ತೆರಿಗೆ ಪದ್ಧತಿಯಲ್ಲೇ ಉಳಿದರೆ ಮದ್ರಾಸಿಗೂ ಸೊನ್ನೆ, ಬೆಂಗಳೂರಿಗೂ ಸೊನ್ನೆ.